ಕಳೆದುಹೋದ ಕ್ರೆಡಿಟ್ ಕಾರ್ಡ್: ದೂರು ನೀಡಿದ ಗಳಿಗೆ ಮತ್ತು ಹೊಣೆಗಾರಿಕೆಯ ಮಿತಿ

ಪೀಠಿಕೆ

ಕ್ರೆಡಿಟ್ ಕಾರ್ಡ್ ಕಳೆದುಹೋದಾಗ ಅಥವಾ ಕಳವಾದಾಗ ಎರಡು ಪ್ರಶ್ನೆಗಳು ಏಳುತ್ತವೆ. ಮುಂದೆ ಆಗಬಹುದಾದ ನಷ್ಟವನ್ನು ತಡೆಯುವುದು ಹೇಗೆ ಎಂಬುದು ಮೊದಲನೆಯದು. ಈಗಾಗಲೇ ಆಗಿರುವ ನಷ್ಟವನ್ನು ಯಾರು ಹೊರಬೇಕು ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಒಂದೇ ಸಂಗತಿಯನ್ನು ಅವಲಂಬಿಸಿದೆ. ಅದು ಕಾರ್ಡುದಾರರು ಬ್ಯಾಂಕಿಗೆ ವಿಷಯ ತಿಳಿಸಿದ ಗಳಿಗೆ. ಆ ಗಳಿಗೆಯ ಅನಂತರದ ನಷ್ಟ ಬ್ಯಾಂಕಿನದು. ಅದಕ್ಕಿಂತ ಹಿಂದಿನ ನಷ್ಟವನ್ನು ಹಂಚಲು ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟವಾದ ಲೆಕ್ಕವಿದೆ. ಆ ಲೆಕ್ಕವನ್ನು ಒಂದು ಸನ್ನಿವೇಶದ ಮೂಲಕ ವಿವರಿಸುವುದು ಈ ಪಾಠದ ಉದ್ದೇಶ. ಪ್ರೌಢಶಾಲಾ ತರಗತಿಗಳಲ್ಲಿ ಇದನ್ನು ಬಳಸುವ ಬಗೆಯನ್ನು ಕೊನೆಯಲ್ಲಿ ಸೂಚಿಸಲಾಗಿದೆ.

ಸನ್ನಿವೇಶ

ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಕುಂಬಳೆಯ ಸಮೀಪದ ಶಾಲೆಯ ಅಧ್ಯಾಪಿಕೆಯೊಬ್ಬರು ಶುಕ್ರವಾರ ಮಧ್ಯಾಹ್ನ ರಜೆ ಪಡೆದು ಮಂಗಳೂರಿಗೆ ಹೋಗಿ, ಸಂಜೆಯ ರೈಲಿನಲ್ಲಿ ಹಿಂದಿರುಗುತ್ತಾರೆ. ಕುಂಬಳೆಯಲ್ಲಿ ಇಳಿದಾಗ ರಾತ್ರಿ ಏಳೂವರೆ ಗಂಟೆ. ಕೈಚೀಲದಲ್ಲಿದ್ದ ಪರ್ಸು ಕಾಣಿಸುವುದಿಲ್ಲ. ಅದರಲ್ಲಿ ಸ್ವಲ್ಪ ಹಣ, ಗುರುತಿನ ಚೀಟಿ ಮತ್ತು ಒಂದೂವರೆ ಲಕ್ಷ ರೂಪಾಯಿ ಮಿತಿಯ ಒಂದು ಕ್ರೆಡಿಟ್ ಕಾರ್ಡ್ ಇದ್ದವು. ಮೊಬೈಲ್ ಮಾತ್ರ ಕೈಯಲ್ಲೇ ಇತ್ತು.

7.50ಕ್ಕೆ ಮೊದಲ ಸಂದೇಶ ಬರುತ್ತದೆ: ಪೆಟ್ರೋಲ್ ಪಂಪಿನಲ್ಲಿ ₹4,800. 8.10ಕ್ಕೆ ಇನ್ನೊಂದು: ಬಟ್ಟೆ ಅಂಗಡಿಯಲ್ಲಿ ₹4,900. ಎರಡೂ ಪಿನ್ ಇಲ್ಲದೆ, ಯಂತ್ರಕ್ಕೆ ಕಾರ್ಡನ್ನು ತಾಗಿಸಿ ಮಾಡಿದ ಪಾವತಿಗಳು. 2021ರ ಜನವರಿ 1ರಿಂದ ಇಂತಹ ಪಾವತಿಗೆ ಒಮ್ಮೆಗೆ ₹5,000ದವರೆಗೆ ಅವಕಾಶವಿದೆ. ಮೊತ್ತಗಳು ಐದು ಸಾವಿರಕ್ಕಿಂತ ಸ್ವಲ್ಪವೇ ಕಡಿಮೆಯಿರುವುದು ಆಕಸ್ಮಿಕವಲ್ಲ. ಕಾರ್ಡು ಸಿಕ್ಕವನಿಗೆ ಪಿನ್ ತಿಳಿದಿಲ್ಲ, ಮಿತಿ ತಿಳಿದಿದೆ ಎಂಬುದರ ಸೂಚನೆಯಿದು.

ನಮ್ಮ ದೇಶದ ಜಾಲತಾಣದಲ್ಲಿ ಖರೀದಿ ಮಾಡಬೇಕಾದರೆ ಮೊಬೈಲಿಗೆ ಬರುವ ಒಟಿಪಿ ಬೇಕು. ಅದು ಕಳ್ಳನ ಬಳಿ ಇಲ್ಲ. ಆದರೆ ಕೆಲವು ವಿದೇಶಿ ಜಾಲತಾಣಗಳು ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಹಿಂಬದಿಯ ಮೂರು ಅಂಕಿಗಳಿಷ್ಟರಿಂದಲೇ ಹಣ ಪಡೆಯುತ್ತವೆ. ಈ ಅಧ್ಯಾಪಿಕೆ ಮಗನ ಪರೀಕ್ಷಾ ಶುಲ್ಕಕ್ಕಾಗಿ ಹಿಂದೊಮ್ಮೆ ಕಾರ್ಡಿನ ವಿದೇಶಿ ಬಳಕೆಯನ್ನು ತೆರೆದಿದ್ದರು, ಮತ್ತೆ ಮುಚ್ಚಿರಲಿಲ್ಲ. ಆದುದರಿಂದ ಕಾರ್ಡು ಜೀವಂತವಾಗಿದ್ದರೆ, ರಾತ್ರಿ 10.30ಕ್ಕೆ ವಿದೇಶಿ ಜಾಲತಾಣವೊಂದರಲ್ಲಿ ₹18,600 ಖರ್ಚಾಗಲಿದೆ ಎಂದಿಟ್ಟುಕೊಳ್ಳೋಣ.

ಮೊದಲ ಕೆಲಸ: ಬ್ಲಾಕ್ ಮಾಡಿಸುವುದು

ಇಲ್ಲಿ ಮೊದಲು ಎದುರಾಗುವ ತೊಡಕು ಚಿಕ್ಕದು, ಆದರೆ ಬಹಳ ಸಮಯವನ್ನು ತಿನ್ನುತ್ತದೆ. ಬ್ಯಾಂಕಿನ ಸಹಾಯವಾಣಿಯ ಸಂಖ್ಯೆ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಆದರೆ ಈಗ ಕಾರ್ಡೇ ಇಲ್ಲ. ಆತುರದಲ್ಲಿ ಅಂತರ್ಜಾಲದಲ್ಲಿ ಹುಡುಕಿದರೆ ವಂಚಕರು ಹಾಕಿಟ್ಟ ಸುಳ್ಳು ಸಹಾಯವಾಣಿಯೂ ಸಿಗಬಹುದು. ಆದುದರಿಂದ ಆ ಸಂಖ್ಯೆಯನ್ನು ಕಾರ್ಡು ಕೈಯಲ್ಲಿರುವಾಗಲೇ ಮೊಬೈಲಿನಲ್ಲಿಯೂ ಮನೆಯ ಡೈರಿಯಲ್ಲಿಯೂ ಬರೆದಿಡಬೇಕು. ಅದರೊಂದಿಗೆ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಬರೆದರೆ ಸಾಕು. ಪೂರ್ಣ ಸಂಖ್ಯೆಯನ್ನಾಗಲಿ ಪಿನ್ ಅನ್ನಾಗಲಿ ಬರೆಯಕೂಡದು. ನಮ್ಮ ಪ್ರದೇಶದಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಂದಿಗೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಂದಿಗೆ ಮತ್ತು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಂದಿಗೆ 2020ರಲ್ಲಿ ವಿಲೀನಗೊಂಡವು. ಹಳೆಯ ಡೈರಿಗಳಲ್ಲಿ ಆ ಬ್ಯಾಂಕುಗಳ ಸಂಖ್ಯೆಗಳಿದ್ದರೆ ತಿದ್ದಿಕೊಳ್ಳಬೇಕು.

ಸಹಾಯವಾಣಿಯಲ್ಲಿ ಹೇಳಬೇಕಾದ ಮಾತು ಚಿಕ್ಕದು: “ನನ್ನ ಕ್ರೆಡಿಟ್ ಕಾರ್ಡ್ ಕಳೆದುಹೋಗಿದೆ, ಶಾಶ್ವತವಾಗಿ ಬ್ಲಾಕ್ ಮಾಡಿ. 7.50ರ ಮತ್ತು 8.10ರ ವಹಿವಾಟುಗಳು ನನ್ನವಲ್ಲ, ಅವನ್ನೂ ದೂರಿನಲ್ಲಿ ದಾಖಲಿಸಿ.” ಎರಡನೆಯ ವಾಕ್ಯವನ್ನು ಅನೇಕರು ಮರೆಯುತ್ತಾರೆ. ಕಾರ್ಡನ್ನು ಬ್ಲಾಕ್ ಮಾಡಿಸುವುದು ಬೇರೆ, ನಡೆದುಹೋದ ವಹಿವಾಟಿನ ಬಗ್ಗೆ ದೂರು ನೀಡುವುದು ಬೇರೆ. ಒಂದನ್ನು ಮಾಡಿದೊಡನೆ ಇನ್ನೊಂದು ತಾನಾಗಿ ಆಗುವುದಿಲ್ಲ. ಗುರುತಿಗಾಗಿ ಬ್ಯಾಂಕಿನವರು ಜನ್ಮದಿನಾಂಕ, ನೋಂದಾಯಿತ ಮೊಬೈಲ್ ಸಂಖ್ಯೆ ಮುಂತಾದುವನ್ನು ಕೇಳಬಹುದು. ಪಿನ್ ಕೇಳುವವರು ಬ್ಯಾಂಕಿನವರಲ್ಲ.

ಬ್ಯಾಂಕಿನ ಆ್ಯಪ್ ಮೂಲಕವೂ ಈ ಕೆಲಸ ಮಾಡಬಹುದು. ಹಲವು ಆ್ಯಪ್‌ಗಳಲ್ಲಿ ಎರಡು ಬಗೆಯ ಗುಂಡಿಗಳಿರುತ್ತವೆ. ಒಂದು ತಾತ್ಕಾಲಿಕ ಬೀಗ. ಅದನ್ನು ನಾವೇ ಹಾಕಬಹುದು, ನಾವೇ ತೆಗೆಯಬಹುದು. ಪರ್ಸು ಮನೆಯಲ್ಲೇ ಉಳಿದಿರಬಹುದೆಂಬ ಸಂಶಯವಿದ್ದಾಗ ಅದು ಉಪಯುಕ್ತ. ಇನ್ನೊಂದು ಶಾಶ್ವತ ಬ್ಲಾಕ್. ಅದರ ಬಳಿಕ ಆ ಸಂಖ್ಯೆಯ ಕಾರ್ಡು ಮತ್ತೆ ಬಳಕೆಗೆ ಬರುವುದಿಲ್ಲ, ಹೊಸ ಕಾರ್ಡೇ ಬೇಕು. ಹುಡುಕುವ ಮೊದಲು ತಾತ್ಕಾಲಿಕ ಬೀಗ ಹಾಕಿ, ಕಳೆದದ್ದು ಖಚಿತವಾದೊಡನೆ ಶಾಶ್ವತವಾಗಿ ಬ್ಲಾಕ್ ಮಾಡುವುದು ಸರಿಯಾದ ಕ್ರಮ. ನಮ್ಮದಲ್ಲದ ಒಂದೇ ಒಂದು ವಹಿವಾಟು ಕಂಡರೂ ಹುಡುಕಾಟವನ್ನು ಬಿಟ್ಟು ನೇರವಾಗಿ ಶಾಶ್ವತ ಬ್ಲಾಕ್‌ಗೆ ಹೋಗಬೇಕು. ಬೀಗ ಹಾಕಿದ ಮಾತ್ರಕ್ಕೆ ಬ್ಯಾಂಕಿಗೆ ದೂರು ತಲುಪಿದಂತಾಗಲಿಲ್ಲ ಎಂಬುದನ್ನೂ ನೆನಪಿಡಬೇಕು.

“ಮೊದಲು ಪೊಲೀಸ್ ದೂರಿನ ಪ್ರತಿ ತನ್ನಿ” ಅಥವಾ “ಸೋಮವಾರ ಶಾಖೆಗೆ ಬಂದು ಅರ್ಜಿ ಕೊಡಿ, ಆಮೇಲೆ ಬ್ಲಾಕ್ ಮಾಡೋಣ” ಎಂಬ ಉತ್ತರ ಬಂದರೆ ಅದನ್ನು ಒಪ್ಪಬೇಕಾಗಿಲ್ಲ. ಕಾರ್ಡುಗಳ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ನೀಡಿದ ನಿರ್ದೇಶನದಂತೆ, ತಿಳಿಸಿದ ಕೂಡಲೇ ಕಾರ್ಡನ್ನು ಬ್ಲಾಕ್ ಮಾಡಬೇಕು. ಕಾಗದಪತ್ರದ ಕ್ರಮಗಳೇನಿದ್ದರೂ ಅನಂತರ ನಡೆಯಬಹುದು. ದೂರು ಸ್ವೀಕರಿಸುವ ವ್ಯವಸ್ಥೆ ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಬೇಕು. ಬ್ಲಾಕ್ ಆದ ಬಗ್ಗೆ ಕಾರ್ಡುದಾರರಿಗೆ ಖಚಿತ ಸಂದೇಶವನ್ನೂ ಕಳುಹಿಸಬೇಕು. ಆ ಸಂದೇಶವೇ ಮುಂದಿನ ಎಲ್ಲ ವಾದಕ್ಕೂ ಆಧಾರ. ಅದು ಬರುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಬಂದ ಮೇಲೆ ಅಳಿಸಬಾರದು. ದೂರು ಸಂಖ್ಯೆ, ಕರೆ ಮಾಡಿದ ದಿನ, ಗಂಟೆ ಮತ್ತು ನಿಮಿಷವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಪರ್ಸಿನೊಂದಿಗೆ ಮೊಬೈಲೂ ಹೋಗಿದ್ದರೆ ಅಪಾಯ ಇಮ್ಮಡಿ. ಒಟಿಪಿ ಬರುವ ಯಂತ್ರವೇ ಕಳ್ಳನ ಕೈಯಲ್ಲಿರುತ್ತದೆ. ಆಗ ಸಹಪ್ರಯಾಣಿಕರ ಅಥವಾ ಮನೆಯವರ ಮೊಬೈಲಿನಿಂದ ಮೊದಲು ಬ್ಯಾಂಕಿಗೂ, ಒಡನೆಯೇ ಸಿಮ್ ನೀಡಿದ ಸಂಸ್ಥೆಗೂ ಕರೆಮಾಡಿ ಎರಡನ್ನೂ ನಿಲ್ಲಿಸಬೇಕು.

ನಷ್ಟ ಯಾರದು? ಮೂರು ಬಗೆಯ ಲೆಕ್ಕ

2017ರ ಸುತ್ತೋಲೆಯು ನಷ್ಟದ ಕಾರಣವನ್ನು ಮೂರಾಗಿ ವಿಂಗಡಿಸುತ್ತದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕರ ಹೊಣೆ ಸೊನ್ನೆ. ಅವರು ಯಾವಾಗ ದೂರು ನೀಡಿದರು ಎಂಬುದೂ ಅಲ್ಲಿ ಮುಖ್ಯವಲ್ಲ. ತಪ್ಪು ಗ್ರಾಹಕರದಾದರೆ, ಉದಾಹರಣೆಗೆ ಪಿನ್ ಅಥವಾ ಒಟಿಪಿಯನ್ನು ಬೇರೆಯವರಿಗೆ ತಿಳಿಸಿದ್ದರೆ, ದೂರು ನೀಡುವವರೆಗಿನ ಇಡೀ ನಷ್ಟ ಅವರದೇ. ದೂರು ನೀಡಿದ ಬಳಿಕದ್ದು ಬ್ಯಾಂಕಿನದು. ತಪ್ಪು ಇಬ್ಬರದೂ ಅಲ್ಲದೆ ಮೂರನೆಯವರಿಂದ ನಡೆದಿದ್ದರೆ ದಿನಗಳ ಲೆಕ್ಕ ಬರುತ್ತದೆ. ಬ್ಯಾಂಕಿನಿಂದ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನಗಳೊಳಗಾದರೆ ಹೊಣೆಗೆ ಒಂದು ಮಿತಿಯಿದೆ. ಏಳು ದಿನ ಕಳೆದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ತೀರ್ಮಾನ.

ಆ ಮಿತಿಯು ಐದು ಲಕ್ಷ ರೂಪಾಯಿವರೆಗಿನ ಕ್ರೆಡಿಟ್ ಕಾರ್ಡಿಗೆ ₹10,000, ಅದಕ್ಕೂ ಮೇಲ್ಪಟ್ಟ ಕಾರ್ಡಿಗೆ ₹25,000. ಇಲ್ಲಿ ಒಂದು ಪದವನ್ನು ಗಮನಿಸಬೇಕು. ಮಿತಿಯಿರುವುದು ಪ್ರತಿಯೊಂದು ವಹಿವಾಟಿಗೆ, ಒಟ್ಟು ನಷ್ಟಕ್ಕಲ್ಲ. ವಹಿವಾಟಿನ ಮೊತ್ತ ಮತ್ತು ಮಿತಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಗ್ರಾಹಕರು ಹೊರಬೇಕು.

ಈಗ ನಮ್ಮ ಸನ್ನಿವೇಶಕ್ಕೆ ಮರಳೋಣ.

*ಮೊದಲ ಬಗೆ.* ಅಧ್ಯಾಪಿಕೆ ರಾತ್ರಿ 8.25ಕ್ಕೆ ಕರೆಮಾಡಿ ಬ್ಲಾಕ್ ಮಾಡಿಸಿ, ಎರಡು ವಹಿವಾಟುಗಳ ಬಗ್ಗೆಯೂ ದೂರು ನೀಡುತ್ತಾರೆ. 10.30ರ ಖರೀದಿ ನಡೆಯುವುದೇ ಇಲ್ಲ. ಬ್ಯಾಂಕಿನ ಲೋಪದಿಂದ ನಡೆದರೂ ಆ ನಷ್ಟ ಬ್ಯಾಂಕಿನದು. ಉಳಿದ ₹9,700ರಲ್ಲಿ ಅವರ ನಿರ್ಲಕ್ಷ್ಯವಿರಲಿಲ್ಲವಾದರೆ ಅವರ ಹೊಣೆ ಸೊನ್ನೆ.

*ಎರಡನೆಯ ಬಗೆ.* ಪರ್ಸು ಶಾಲೆಯಲ್ಲೇ ಉಳಿದಿರಬಹುದೆಂದು ಅವರು ಸುಮ್ಮನಾಗುತ್ತಾರೆ. ಸಂದೇಶಗಳನ್ನೂ ಗಮನಿಸುವುದಿಲ್ಲ. ಮುಂದಿನ ಗುರುವಾರ ದೂರು ನೀಡುತ್ತಾರೆ. ಅಷ್ಟರಲ್ಲಿ ಮೂರು ವಹಿವಾಟುಗಳೂ ನಡೆದು ಒಟ್ಟು ₹28,300 ಹೋಗಿದೆ. ದಿನಗಳನ್ನು ಎಣಿಸೋಣ. ಸಂದೇಶ ಬಂದ ಶುಕ್ರವಾರವನ್ನು ಬಿಡಬೇಕು. ಮರುದಿನ ಎರಡನೆಯ ಶನಿವಾರವಾದುದರಿಂದ ಬ್ಯಾಂಕಿಗೆ ರಜೆ, ಅದರ ಮರುದಿನ ಭಾನುವಾರ. ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಗುರುವಾರ ನಾಲ್ಕನೆಯ ದಿನವಾಯಿತು. ಆದುದರಿಂದ ಮೊದಲ ವಹಿವಾಟಿನಲ್ಲಿ ₹4,800, ಎರಡನೆಯದರಲ್ಲಿ ₹4,900, ಮೂರನೆಯದರಲ್ಲಿ ₹10,000, ಹೀಗೆ ಒಟ್ಟು ₹19,700 ಅಧ್ಯಾಪಿಕೆಯ ಪಾಲಿಗೆ ಬರುತ್ತದೆ. ಬ್ಯಾಂಕು ಹೊರುವುದು ₹8,600 ಮಾತ್ರ. ತಾಗಿಸಿ ಮಾಡಿದ ಸಣ್ಣ ಪಾವತಿಗಳು ಹತ್ತು ಸಾವಿರದ ಮಿತಿಯೊಳಗೇ ಇರುವುದರಿಂದ, ಅಂಥವು ಹತ್ತು ನಡೆದರೂ ಹತ್ತೂ ಅವರ ತಲೆಗೇ ಬರುತ್ತವೆ. ಇದು ಅವರಿಗೆ ಅನುಕೂಲವಾದ ಲೆಕ್ಕ. ಪರ್ಸು ಕಾಣೆಯಾದುದು ತಿಳಿದೂ ಸುಮ್ಮನಿದ್ದುದೇ ನಿರ್ಲಕ್ಷ್ಯವೆಂದು ಬ್ಯಾಂಕು ವಾದಿಸಿ ಗೆದ್ದರೆ ಇಡೀ ₹28,300 ಅವರದೇ ಆಗಬಹುದು.

*ಮೂರನೆಯ ಬಗೆ.* ಅವರು 8.25ಕ್ಕೇ ದೂರು ನೀಡಿದ್ದಾರೆ. ಆದರೆ ಪರ್ಸಿನಲ್ಲಿ ಪಿನ್ ಬರೆದ ಚೀಟಿಯಿತ್ತು. ಎಂಟು ಗಂಟೆಗೆ ಎಟಿಎಂನಿಂದ ₹20,000 ತೆಗೆಯಲಾಗಿದೆ. ಇದು ಗ್ರಾಹಕರ ನಿರ್ಲಕ್ಷ್ಯದ ಸ್ಪಷ್ಟ ಉದಾಹರಣೆ. ಮೂರು ದಿನಗಳ ರಕ್ಷಣೆ ಇಲ್ಲಿ ಸಿಗುವುದಿಲ್ಲ, ಆ ಇಪ್ಪತ್ತು ಸಾವಿರ ಅವರದೇ ನಷ್ಟ. ಕರೆಯ ಬಳಿಕ ಮತ್ತೊಮ್ಮೆ ಹಣ ತೆಗೆದಿದ್ದರೆ ಮಾತ್ರ ಅದು ಬ್ಯಾಂಕಿನ ಪಾಲಿಗೆ ಹೋಗುತ್ತದೆ.

ಮೂರು ಬಗೆಗಳನ್ನು ಜೊತೆಗಿಟ್ಟು ನೋಡಿದಾಗ ಒಂದು ತಪ್ಪು ತಿಳಿವಳಿಕೆ ಕಳಚುತ್ತದೆ. “ಮೂರು ದಿನ ಸಮಯವಿದೆ” ಎಂದರೆ ಮೂರು ದಿನ ಕಾಯಬಹುದೆಂದಲ್ಲ. ಆ ಅವಧಿ ಈಗಾಗಲೇ ಆಗಿಹೋದ, ನಮ್ಮ ತಪ್ಪಿಲ್ಲದ ನಷ್ಟಕ್ಕೆ ಮಾತ್ರ ಅನ್ವಯಿಸುತ್ತದೆ. ಬ್ಲಾಕ್ ಮಾಡುವ ಕೆಲಸವನ್ನು ನಿಮಿಷಗಳಲ್ಲಿ ಅಳೆಯಬೇಕು.

ಗಡಿನಾಡಿನ ಎರಡು ಸೂಕ್ಷ್ಮಗಳು

ಕೆಲಸದ ದಿನಗಳನ್ನು ಎಣಿಸುವುದು ಗ್ರಾಹಕರ ಮೂಲ ಶಾಖೆಯ ವೇಳಾಪಟ್ಟಿಯಂತೆ. ಕಾಸರಗೋಡಿನ ಅನೇಕ ಅಧ್ಯಾಪಕರು ವ್ಯಾಸಂಗ ಕಾಲದಲ್ಲಿ ಮಂಗಳೂರಿನಲ್ಲಿ ತೆರೆದ ಖಾತೆಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ತಿರುವೋಣದಂದು ಕಾಸರಗೋಡಿನ ಶಾಖೆ ಮುಚ್ಚಿರುತ್ತದೆ, ಮಂಗಳೂರಿನ ಶಾಖೆ ತೆರೆದಿರಬಹುದು. ಮೂಲ ಶಾಖೆ ಮಂಗಳೂರಿನಲ್ಲಿದ್ದವರಿಗೆ ಆ ದಿನ ಲೆಕ್ಕಕ್ಕೆ ಸೇರುತ್ತದೆ. ಶಾಲೆಯ ರಜೆಯನ್ನು ನೋಡಿ ದಿನ ಎಣಿಸಬಾರದು.

ಎರಡನೆಯದು ಪೊಲೀಸ್ ದೂರಿಗೆ ಸಂಬಂಧಿಸಿದುದು. ಕಾರ್ಡು ಉಳ್ಳಾಲದಲ್ಲಿ ಕಳವಾಯಿತೋ, ಮಂಜೇಶ್ವರ ದಾಟಿದ ಮೇಲೋ ಎಂಬುದು ಪ್ರಯಾಣಿಕರಿಗೆ ತಿಳಿದಿರುವುದಿಲ್ಲ. “ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ, ಕರ್ನಾಟಕಕ್ಕೆ ಹೋಗಿ” ಎಂಬ ಮಾತು ಕೇಳಿಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಇಂತಹ ಅಪರಾಧದ ಮಾಹಿತಿಯನ್ನು ಅದು ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ನೀಡಬಹುದು. ಹಣದ ವಂಚನೆಯಾಗಿದ್ದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಅಥವಾ cybercrime.gov.in ಜಾಲತಾಣದಲ್ಲಿ ದೂರು ದಾಖಲಿಸಬಹುದು. ಆದರೆ ಇವೆಲ್ಲವೂ ಬ್ಯಾಂಕಿಗೆ ತಿಳಿಸಿದ ಅನಂತರದ ಕೆಲಸಗಳು. ಪೊಲೀಸರಿಗೆ ತಿಳಿಸಿದ ಹೊತ್ತು ಬ್ಯಾಂಕಿನ ಲೆಕ್ಕದಲ್ಲಿ ದೂರಿನ ಹೊತ್ತಾಗುವುದಿಲ್ಲ.

ದೂರಿನ ಬಳಿಕ

ಗ್ರಾಹಕರು ತಿಳಿಸಿದ ದಿನದಿಂದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕು ವಿವಾದಿತ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು. ತೊಂಬತ್ತು ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಗ್ರಾಹಕರೇ ತಪ್ಪಿತಸ್ಥರೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ. ಈ ನಡುವೆ ಕಾರ್ಡಿನ ಬಿಲ್ಲು ಬರುತ್ತದೆ. ವಿವಾದಿತ ಮೊತ್ತವನ್ನು ಬಿಟ್ಟು, ನಿಜವಾಗಿ ನಾವು ಖರ್ಚು ಮಾಡಿದ ಮೊತ್ತವನ್ನು ಗಡುವಿನೊಳಗೆ ಕಟ್ಟಬೇಕು. ವಂಚನೆಯೆಂದು ದೂರಿದ ವಹಿವಾಟಿನ ಮೇಲೆ ತೀರ್ಮಾನವಾಗುವವರೆಗೆ ಬ್ಯಾಂಕು ಶುಲ್ಕ ವಿಧಿಸುವಂತಿಲ್ಲ. ಬಿಲ್ಲಿನ ಪೂರ್ಣ ಮೊತ್ತ ಸಂಬಳದ ಖಾತೆಯಿಂದ ತಾನಾಗಿಯೇ ಕಡಿತವಾಗುವ ಏರ್ಪಾಡು ಇದ್ದರೆ ವಿವಾದಿತ ಹಣವೂ ಹೊರಟುಹೋಗುತ್ತದೆ. ಆ ಏರ್ಪಾಡನ್ನು ಅಷ್ಟರವರೆಗೆ ನಿಲ್ಲಿಸಿಡುವುದು ಲೇಸು.

“ಸಂದೇಶ ಕಳುಹಿಸಿದ್ದೆವು, ನೀವು ಉತ್ತರಿಸಲಿಲ್ಲ” ಎಂಬ ಕಾರಣದಿಂದ ಬ್ಯಾಂಕು ಕೈತೊಳೆದುಕೊಳ್ಳಬಹುದೇ? ಈ ಪ್ರಶ್ನೆ ಕೇರಳ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಗ್ರಾಹಕರೊಬ್ಬರ ಖಾತೆಯಿಂದ ವಿದೇಶದ ಎಟಿಎಂಗಳಲ್ಲಿ ಅವರಿಗೆ ತಿಳಿಯದೆ ಹಣ ತೆಗೆದ ಪ್ರಕರಣವದು. ಮೊಬೈಲ್ ಸಂದೇಶಕ್ಕೆ ಪ್ರತಿಕ್ರಿಯಿಸಲಿಲ್ಲವೆಂಬ ಒಂದೇ ಕಾರಣದಿಂದ ಬ್ಯಾಂಕಿನ ಹೊಣೆ ತಪ್ಪುವುದಿಲ್ಲವೆಂದು 2019ರ ಜನವರಿಯಲ್ಲಿ ನ್ಯಾಯಮೂರ್ತಿ ಪಿ. ಬಿ. ಸುರೇಶ್ ಕುಮಾರ್ ತೀರ್ಪಿತ್ತು, ಸ್ಟೇಟ್ ಬ್ಯಾಂಕಿನ ಮೇಲ್ಮನವಿಯನ್ನು ತಳ್ಳಿಹಾಕಿದರು. ಈ ತೀರ್ಪು ಗ್ರಾಹಕರ ಕೈಯಲ್ಲಿರುವ ಒಂದು ಗುರಾಣಿ. ಆದರೆ ತೀರ್ಪನ್ನು ಪಡೆಯಲು ಆ ಗ್ರಾಹಕರು ವರ್ಷಗಟ್ಟಲೆ ಕಾಯಬೇಕಾಯಿತು. ಸಂದೇಶವನ್ನು ಓದಿ ಒಂದು ಕರೆ ಮಾಡಲು ಬೇಕಾಗುವುದು ಐದು ನಿಮಿಷ.

ಬ್ಯಾಂಕು ದೂರನ್ನು ತಿರಸ್ಕರಿಸಿದರೆ ಅಥವಾ ಮೂವತ್ತು ದಿನಗಳಾದರೂ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮಾಹಿತಿಗಾಗಿ 14448 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು. ಮೊದಲು ಬ್ಯಾಂಕಿಗೇ ಲಿಖಿತ ದೂರು ನೀಡಿರಬೇಕೆಂಬುದು ಅಲ್ಲಿನ ನಿಯಮ. ಆದುದರಿಂದ ಸಹಾಯವಾಣಿಗೆ ಕರೆ ಮಾಡಿದ ಮರುದಿನವೇ ಬ್ಯಾಂಕಿಗೆ ಪತ್ರ ಅಥವಾ ಇ-ಮೇಲ್ ಕಳುಹಿಸಬೇಕು. ಅದರ ಮಾದರಿ ಹೀಗಿದೆ:

> ಮಾನ್ಯರೇ,
> ಕೊನೆಯಲ್ಲಿ ……. ಅಂಕಿಗಳಿರುವ ನನ್ನ ಕ್ರೆಡಿಟ್ ಕಾರ್ಡ್ ದಿನಾಂಕ ……. ರಂದು ರೈಲು ಪ್ರಯಾಣದಲ್ಲಿ ಕಳೆದುಹೋಗಿದೆ. ಅದೇ ದಿನ ರಾತ್ರಿ 8.25ಕ್ಕೆ ನಿಮ್ಮ ಸಹಾಯವಾಣಿಗೆ ತಿಳಿಸಿರುತ್ತೇನೆ. ದೂರು ಸಂಖ್ಯೆ ……. 7.50ರ ₹4,800 ಮತ್ತು 8.10ರ ₹4,900 ವಹಿವಾಟುಗಳನ್ನು ನಾನು ಮಾಡಿಲ್ಲ. ಪಿನ್ ಅಥವಾ ಒಟಿಪಿಯನ್ನು ಯಾರಿಗೂ ತಿಳಿಸಿಲ್ಲ. ರಿಸರ್ವ್ ಬ್ಯಾಂಕಿನ 6-7-2017ರ ಸುತ್ತೋಲೆಯಂತೆ ಈ ಮೊತ್ತವನ್ನು ಹತ್ತು ಕೆಲಸದ ದಿನಗಳೊಳಗೆ ತಾತ್ಕಾಲಿಕವಾಗಿ ಜಮೆ ಮಾಡಿ, ತನಿಖೆ ನಡೆಸಬೇಕೆಂದು ಕೋರುತ್ತೇನೆ.

ಪಿನ್ ಬಗೆಗಿನ ವಾಕ್ಯವನ್ನು ಅದು ನಿಜವಾಗಿದ್ದರೆ ಮಾತ್ರ ಬರೆಯಬೇಕು.

ತರಗತಿಯಲ್ಲಿ ಬಳಸುವ ಬಗೆ

1. *ಗಣಿತ:* ಕ್ಯಾಲೆಂಡರಿನಲ್ಲಿ ಒಂದು ತಿಂಗಳನ್ನು ಆರಿಸಿ, ಸಂದೇಶ ಬಂದ ದಿನವನ್ನು ಗುರುತಿಸಿ, ಎರಡನೆಯ ಮತ್ತು ನಾಲ್ಕನೆಯ ಶನಿವಾರ, ಭಾನುವಾರ ಹಾಗೂ ಇತರ ಬ್ಯಾಂಕ್ ರಜೆಗಳನ್ನು ಬಿಟ್ಟು ಮೂರನೆಯ ಮತ್ತು ಏಳನೆಯ ಕೆಲಸದ ದಿನಗಳನ್ನು ಮಕ್ಕಳು ಕಂಡುಹಿಡಿಯಲಿ.

2. *ಲೆಕ್ಕ:* ಮೂರು ಲಕ್ಷ ರೂಪಾಯಿ ಮಿತಿಯ ಕಾರ್ಡಿನಲ್ಲಿ ₹3,000, ₹12,000 ಮತ್ತು ₹40,000ದ ಮೂರು ಅನಧಿಕೃತ ವಹಿವಾಟುಗಳು ನಡೆದಿವೆ. ತಪ್ಪು ಮೂರನೆಯವರದು. ಐದನೆಯ ಕೆಲಸದ ದಿನ ದೂರು ನೀಡಲಾಗಿದೆ. ಗ್ರಾಹಕರ ಹೊಣೆ ಎಷ್ಟು? (ಉತ್ತರ: 3,000 + 10,000 + 10,000 = ₹23,000. ಬ್ಯಾಂಕಿನ ಪಾಲು ₹32,000.)

3. *ಭಾಷೆ:* ಮೇಲಿನ ಪತ್ರವನ್ನು ಮೂರನೆಯ ಬಗೆಯ ಸನ್ನಿವೇಶಕ್ಕೆ ತಕ್ಕಂತೆ, ಸುಳ್ಳು ಹೇಳದೆ, ಮಕ್ಕಳು ತಿದ್ದಿ ಬರೆಯಲಿ.

4. *ಮನೆಗೆಲಸ:* ಮನೆಯಲ್ಲಿ ಕಾರ್ಡು ಇರುವವರ ಸಹಾಯವಾಣಿ ಸಂಖ್ಯೆ ಬರೆದಿಡಲಾಗಿದೆಯೇ, ಕಾರ್ಡಿನ ವಿದೇಶಿ ಬಳಕೆ ಮುಚ್ಚಿದೆಯೇ ಎಂದು ಹಿರಿಯರನ್ನು ಕೇಳಿ, “ಹೌದು” ಅಥವಾ “ಇಲ್ಲ” ಎಂದಷ್ಟೇ ಬರೆದು ತರಲಿ. ಯಾವ ಸಂಖ್ಯೆಯನ್ನೂ ತರಗತಿಗೆ ತರಬಾರದು.